ಓಲೆ, ಕಾಗದ, ಕೈಬರಹ: ಪ್ರೇಮಪತ್ರವನ್ನು ಮತ್ತೆ ಬರೆಯುವುದಾದರೆ

ಕನ್ನಡದಲ್ಲಿ ಪತ್ರಕ್ಕೆ ಇರುವ ಹೆಸರುಗಳನ್ನು ಒಂದೆಡೆ ಇಟ್ಟು ನೋಡಿದರೆ ಒಂದು ಸಂಗತಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಓಲೆ ಎಂದರೆ ತಾಳೆಯ ಗರಿ. ಪತ್ರ ಎಂದರೆ ಎಲೆ. ಕಾಗದವೆಂದರೆ ಕಾಗದವೇ, ಆದರೂ ‘ಊರಿನಿಂದ ಕಾಗದ ಬಂದಿದೆ’ ಎಂದಾಗ ಬಿಳಿಯ ಹಾಳೆ ಬಂದಿದೆಯೆಂದು ಯಾರೂ ತಿಳಿಯುತ್ತಿರಲಿಲ್ಲ. ಮೂರೂ ಹೆಸರುಗಳು ಬರೆದ ಮಾತಿನವಲ್ಲ, ಬರೆಸಿಕೊಂಡ ವಸ್ತುವಿನವು. ಮಾತಿಗೆ ಬೇರೆ ಹೆಸರುಗಳಿದ್ದವು: ಸುದ್ದಿ, ಸಮಾಚಾರ, ಸಂದೇಶ. ಇವು ಬಾಯಿಂದ ಬಾಯಿಗೂ ಹೋಗಬಲ್ಲವು. ಮೇಘದ ಕೈಲಿಯೂ ಹಂಸದ ಕೈಲಿಯೂ ಕಳುಹಿಸಬಹುದಾದವು. ಓಲೆ ಮಾತ್ರ ಒಬ್ಬರ ಕೈಯಿಂದ ಹೊರಟು ಇನ್ನೊಬ್ಬರ ಕೈಯನ್ನು ಮುಟ್ಟಲೇಬೇಕಾದ ವಸ್ತು. ಅದೇ ಓಲೆ ಹೆಣ್ಣಿನ ಕಿವಿಯ ಆಭರಣವೂ ಹೌದು. ತಾಳೆಗರಿಯ ಸುರುಳಿಯನ್ನು ಕಿವಿಯ ತೂತಿಗೆ ಇಡುತ್ತಿದ್ದ ಕಾಲದ ಹೆಸರು, ಗರಿ ಹೋಗಿ ಚಿನ್ನ ಬಂದಮೇಲೂ ಉಳಿದುಕೊಂಡಿತು.

ಕೈಬರಹದ ಪ್ರೇಮಪತ್ರವನ್ನು ಮತ್ತೆ ರೂಢಿಗೆ ತರಬೇಕೆಂಬ ಮಾತು ಈಗ ಆಗಾಗ ಕೇಳಿಬರುತ್ತದೆ. ಫೆಬ್ರವರಿ ಬಂತೆಂದರೆ ಕಾಲೇಜುಗಳಲ್ಲಿ ಪ್ರೇಮಪತ್ರ ಬರೆಯುವ ಸ್ಪರ್ಧೆಗಳೂ ನಡೆಯುತ್ತವೆ. ಕೊಡಬೇಕಾದವರೇ ಇಲ್ಲದ ಪ್ರೇಮಪತ್ರಕ್ಕೆ ತೀರ್ಪುಗಾರರು ಅಂಕ ಕೊಡುವುದು ಒಂದು ವಿನೋದ. ಅದನ್ನು ಅಲ್ಲಿಗೇ ಬಿಡಬಹುದು. ಆದರೆ ಈ ಮಾತುಗಳ ಹಿಂದಿರುವ ಒಂದು ನಂಬಿಕೆಯನ್ನು ಪರಿಶೀಲಿಸಬೇಕಾಗಿದೆ. ಪ್ರಿಯರು ದೂರವಿದ್ದರು, ಆದ್ದರಿಂದ ಪತ್ರ ಬರೆದರು. ದೂರವಾಣಿ ಬಂದು ದೂರವನ್ನು ಅಳಿಸಿತು, ಆದ್ದರಿಂದ ಪತ್ರ ಸತ್ತಿತು ಎಂಬುದು ಆ ನಂಬಿಕೆ. ಇದು ನಿಜವಾಗಿದ್ದರೆ ಪುನರುಜ್ಜೀವನದ ಮಾತು ಬರಿಯ ಹಳಹಳಿಕೆಯಾಗುತ್ತಿತ್ತು. ನಮ್ಮ ಕಾವ್ಯನಾಟಕಗಳ ಸಾಕ್ಷ್ಯ ಬೇರೆಯೇ ಇದೆ.

ಅಲ್ಲಿ ಪ್ರೇಮಪತ್ರ ಬರೆಯುವವರು ಬಹುಮಟ್ಟಿಗೆ ದೂರದಲ್ಲಿರುವವರಲ್ಲ. ಶಾಕುಂತಲದ ಮೂರನೆಯ ಅಂಕದಲ್ಲಿ ಶಕುಂತಲೆ ತಾವರೆಯ ಎಲೆಯ ಮೇಲೆ ಉಗುರಿನಿಂದ ಅಕ್ಷರ ಗೀರುವಾಗ ದುಷ್ಯಂತ ಕೂಗಳತೆಯಲ್ಲಿಯೂ ಇಲ್ಲ, ಇನ್ನೂ ಹತ್ತಿರದಲ್ಲಿ, ಗಿಡಗಳ ಮರೆಯಲ್ಲಿ ನಿಂತಿದ್ದಾನೆ. ಅವಳು ಬರೆದುದನ್ನು ಸಖಿಯರಿಗೆ ಓದಿ ಹೇಳುತ್ತಿರುವಾಗಲೇ ಅವನು ಎದುರಿಗೆ ಬರುತ್ತಾನೆ. ಪತ್ರ ಕಳುಹಿಸುವ ಪ್ರಸಂಗವೇ ಬರುವುದಿಲ್ಲ. ಬಾಣನ ಕಾದಂಬರಿಯಲ್ಲಿ ಪುಂಡರೀಕ ಮಹಾಶ್ವೇತೆಗೆ ಬರೆಯುವುದು ಅವಳು ಅದೇ ಸರೋವರದ ದಡದಿಂದ ಈಗಷ್ಟೇ ಹೊರಟುಹೋದಮೇಲೆ. ಅವಳ ದಾಸಿ ತರಲಿಕೆ ಇನ್ನೂ ಎದುರಿಗೇ ಇರುವಾಗ. ತಮಾಲದ ಚಿಗುರನ್ನು ಕಿತ್ತು, ದಡದ ಕಲ್ಲಿನ ಮೇಲೆ ಅರೆದು, ಉಟ್ಟ ನಾರುಡೆಯ ಅಂಚನ್ನು ಹರಿದು, ಆ ರಸದಲ್ಲಿ ಕಿರುಬೆರಳ ಉಗುರನ್ನದ್ದಿ ಅವನು ಬರೆಯುತ್ತಾನೆ. ಪುಂಡರೀಕನಿಗೆ ಅಡ್ಡವಾಗಿರುವುದು ಹಾದಿಯಲ್ಲ, ತಾಪಸನಾದ ತಾನು ಇದನ್ನು ಬಾಯಿಬಿಟ್ಟು ಹೇಳಲಾರೆನೆಂಬ ಸಂಕೋಚ. ನಾಗವರ್ಮನ ಕರ್ಣಾಟಕ ಕಾದಂಬರಿಯನ್ನು ಪಠ್ಯವಾಗಿ ಓದುವ ವಿದ್ಯಾರ್ಥಿಗಳು ಈ ಪ್ರಸಂಗವನ್ನು ಶೃಂಗಾರದ ಅಲಂಕಾರವೆಂದು ದಾಟಿಹೋಗುತ್ತಾರೆ. ಬರವಣಿಗೆಯ ಸಾಮಗ್ರಿಯೆಲ್ಲ ಬರೆಯುವವನ ಮೈಯಿಂದ ಮತ್ತು ಅವನು ನಿಂತ ನೆಲದಿಂದಲೇ ಬಂದಿದೆಯೆಂಬುದನ್ನು ಗಮನಿಸಿದರೆ ಪ್ರಸಂಗದ ಕಾವು ಹೆಚ್ಚುತ್ತದೆ.

ಇದರ ಜೊತೆಗೆ ಇನ್ನೊಂದು ವಿವರವನ್ನು ಇಡಬೇಕು. ನಾಟಕಗಳ ನಾಯಿಕೆಯರು ಬರೆಯುವ ಪ್ರೇಮಪತ್ರಗಳು ಸಂಸ್ಕೃತದಲ್ಲಿಲ್ಲ, ಪ್ರಾಕೃತದಲ್ಲಿವೆ. ಶಕುಂತಲೆಯದೂ ಹಾಗೆಯೇ, ವಿಕ್ರಮೋರ್ವಶೀಯದ ಊರ್ವಶಿಯದೂ ಹಾಗೆಯೇ. ನಾಟ್ಯದ ನಿಯಮ ಅದಕ್ಕೆ ಕಾರಣವೆಂಬುದು ನಿಜ. ಸ್ತ್ರೀಪಾತ್ರಗಳ ಮಾತೇ ಪ್ರಾಕೃತ. ಆದರೆ ಓದುವ ರಾಜ ಸಂಸ್ಕೃತದವನು. ಪತ್ರ ಬರೆಯುವವಳು ಓದುವವನ ಭಾಷೆಗೆ ಏರದೆ ತನ್ನ ನಾಲಗೆಯ ಮಾತಿನಲ್ಲಿಯೇ ಬರೆದಳು, ಅವನು ಅದನ್ನು ಆ ಮಾತಿನಲ್ಲಿಯೇ ಓದಿದನು.

ಊರ್ವಶಿಯ ಪತ್ರದ ಕಥೆಯನ್ನು ತುಸು ವಿಸ್ತಾರವಾಗಿಯೇ ನೋಡಬೇಕು. ಕೈಬರಹದ ಪತ್ರಕ್ಕೆ ಏನೇನಾಗಬಹುದೋ ಅದೆಲ್ಲವೂ ಆ ಒಂದು ಅಂಕದಲ್ಲಿ ಆಗುತ್ತದೆ. ಪ್ರಮದವನದಲ್ಲಿ ಪುರೂರವ ವಿದೂಷಕನೊಡನೆ ಕುಳಿತಿದ್ದಾನೆ. ಊರ್ವಶಿ ಸಖಿ ಚಿತ್ರಲೇಖೆಯೊಡನೆ ಪಕ್ಕದಲ್ಲಿಯೇ ಕಾಣದಂತೆ ನಿಂತು ಅವನ ಹಂಬಲವನ್ನು ಕೇಳುತ್ತಾಳೆ. ಎದುರಿಗೆ ಬರಲು ನಾಚಿ, ತನ್ನ ಪ್ರಭಾವದಿಂದ ಒಂದು ಭೂರ್ಜಪತ್ರವನ್ನು ನಿರ್ಮಿಸಿ, ಅದರಲ್ಲಿ ಬರೆದು, ಅವರ ನಡುವೆ ಬೀಳಿಸುತ್ತಾಳೆ. ವಿದೂಷಕ ಹಾವಿನ ಪೊರೆ ಬಿತ್ತೆಂದು ಹೆದರುತ್ತಾನೆ. ರಾಜ ಓದುತ್ತಾನೆ, ಓದಿದಮೇಲೆ ಅವನಿಗೆ ಬರುವ ಮೊದಲ ಚಿಂತೆ ಬೆರಳಿನ ಬೆವರಿನದು. ಬೆವರಿನಿಂದ ಅಕ್ಷರ ಅಳಿಸಿಹೋದೀತೆಂದು ಅದನ್ನು ವಿದೂಷಕನ ಕೈಗೆ ಕೊಡುತ್ತಾನೆ. ಕೊಡುವಾಗ ಅವನು ಅದನ್ನು ಪತ್ರವೆನ್ನುವುದಿಲ್ಲ, ಪ್ರಿಯೆಯ ‘ಸ್ವಹಸ್ತ’ವೆನ್ನುತ್ತಾನೆ. ಕೈಬರಹಕ್ಕೆ ಸಂಸ್ಕೃತದಲ್ಲಿ ಸಾಮಾನ್ಯವಾಗಿ ಸಲ್ಲುವ ಮಾತು ಅದು. ಆದರೆ ಇಲ್ಲಿ ಅದರ ಮೂಲಾರ್ಥವೂ ಎಚ್ಚತ್ತುಕೊಂಡಿದೆ. ಅವನಿಗೆ ಸಿಕ್ಕಿರುವುದು ಅವಳ ಕೈ.

ಮುಂದೆ ಊರ್ವಶಿ ಪ್ರತ್ಯಕ್ಷಳಾಗುತ್ತಾಳೆ, ಕೂಡಲೇ ಸ್ವರ್ಗದ ನಾಟಕಕ್ಕೆ ಕರೆ ಬಂದು ಹೊರಟುಹೋಗುತ್ತಾಳೆ. ಅವಳ ಚೆಲುವಿಗೆ ಬೆರಗಾದ ವಿದೂಷಕನ ಕೈಯಿಂದ ಪತ್ರ ಜಾರಿರುತ್ತದೆ; ಗಾಳಿ ಅದನ್ನು ಹಾರಿಸಿಕೊಂಡು ಹೋಗಿರುತ್ತದೆ. ರಾಣಿ ಔಶೀನರಿ ದಾಸಿ ನಿಪುಣಿಕೆಯೊಡನೆ ಆ ಕಡೆಯೇ ಬರುತ್ತಿರುವಾಗ ಅದು ಬಂದು ರಾಣಿಯ ಕಾಲಂದುಗೆಯ ತುದಿಗೇ ಸಿಕ್ಕಿಕೊಳ್ಳುತ್ತದೆ. ದಾಸಿ ಓದುತ್ತಾಳೆ, ರಾಣಿ ಕೇಳುತ್ತಾಳೆ. ಇತ್ತ ರಾಜ ವನವೆಲ್ಲ ಹುಡುಕುತ್ತಿರುವಾಗ ರಾಣಿಯೇ ಬಂದು, ಹುಡುಕುತ್ತಿರುವ ಪತ್ರ ಇದೋ ಎಂದು ಕೈಗಿಡುತ್ತಾಳೆ. ತಾನು ಹುಡುಕುತ್ತಿದ್ದುದು ಅದಲ್ಲವೆಂದು ರಾಜ ಹೇಳುವ ಸುಳ್ಳನ್ನು ಯಾರೂ ನಂಬುವುದಿಲ್ಲ. ಈ ದೃಶ್ಯವನ್ನು ಹಾಸ್ಯವೆಂದು ಓದುವ ರೂಢಿಯಿದೆ. ರಾಣಿಯ ಕಡೆಯಿಂದ ಓದಿದರೆ ಅದು ಹಾಸ್ಯವಾಗಿ ಉಳಿಯುವುದಿಲ್ಲ. ಗಂಡನ ಮನಸ್ಸು ಬೇರೆಡೆ ಹೋಗಿದೆಯೆಂಬ ಅನುಮಾನ ಅವಳಿಗೆ ಮೊದಲೇ ಇತ್ತು. ಅನುಮಾನವನ್ನು ಹೇಗಾದರೂ ನುಂಗಿಕೊಳ್ಳಬಹುದು. ಕಾಲಿಗೆ ತೊಡರಿದ ಬರಹವನ್ನು ನುಂಗಿಕೊಳ್ಳಲಾಗದು. ಅದನ್ನು ರಾಜ ಎಷ್ಟು ಜೋಪಾನ ಮಾಡಬೇಕೆಂದುಕೊಂಡಿದ್ದನೋ ಅಷ್ಟೇ ಗಟ್ಟಿಯಾಗಿ ಅದು ಅವನಿಗೆ ಎದುರುಸಾಕ್ಷಿಯಾಯಿತು.

ಸಂಸ್ಕೃತದ ಈ ಪ್ರಸಂಗಗಳಿಗಿಂತ ಗಾಢವಾದ ಒಂದು ನಿದರ್ಶನ ಕನ್ನಡದಲ್ಲಿಯೇ ಇದೆ. ಅದನ್ನು ಪ್ರೇಮಪತ್ರದ ಚರಿತ್ರೆಯಲ್ಲಿ ಸೇರಿಸಿ ನೋಡುವ ರೂಢಿ ಮಾತ್ರ ಇಲ್ಲ. ಅದು 941ರಲ್ಲಿ ಪಂಪ ರಚಿಸಿದ ಆದಿಪುರಾಣದ ಶ್ರೀಮತಿಯ ಚಿತ್ರಪಟ. ಪಂಪನಿಗೆ ಆಧಾರವಾದ ಜಿನಸೇನರ ಪೂರ್ವಪುರಾಣದಲ್ಲಿಯೂ ಕಥೆ ಇದೆ. ಚಿತ್ರಪಟ ಪತ್ರ ಹೇಗಾದೀತೆಂಬ ಆಕ್ಷೇಪಕ್ಕೆ ಕನ್ನಡವೇ ಉತ್ತರ ಹೇಳುತ್ತದೆ: ಕನ್ನಡದಲ್ಲಿ ಅಕ್ಷರವನ್ನೂ ‘ಬರೆಯುತ್ತೇವೆ’, ಚಿತ್ರವನ್ನೂ ‘ಬರೆಯುತ್ತೇವೆ’.

ಪುಂಡರೀಕಿಣಿಯ ಚಕ್ರವರ್ತಿ ವಜ್ರದಂತನ ಮಗಳು ಶ್ರೀಮತಿ. ಯಶೋಧರ ಗುರುಗಳಿಗೆ ಕೇವಲಜ್ಞಾನವಾದ ಸಂದರ್ಭದಲ್ಲಿ ಪೂಜೆಗೆಂದು ಬರುವ ದೇವತೆಗಳ ಆಗಮನ ಅವಳಿಗೆ ಪೂರ್ವಜನ್ಮವನ್ನು ನೆನಪಿಗೆ ತರುತ್ತದೆ. ಆ ಜನ್ಮದಲ್ಲಿ ಅವಳು ಸ್ವಯಂಪ್ರಭೆ. ಅವಳ ಪ್ರಿಯ ಲಲಿತಾಂಗದೇವ. ಮೂರ್ಛೆ ತಿಳಿದೆದ್ದವಳು ಮಾತು ಬಿಡುತ್ತಾಳೆ. ಲಲಿತಾಂಗ ಈಗ ಎಲ್ಲಿ ಹುಟ್ಟಿದ್ದಾನೆ, ಯಾವ ಹೆಸರಿನಲ್ಲಿದ್ದಾನೆ ಎಂದು ಅವಳಿಗೆ ತಿಳಿಯದು. ಜಗತ್ತಿನ ಪ್ರೇಮಪತ್ರಗಳಲ್ಲಿ ವಿಳಾಸವೇ ಇಲ್ಲದ ಪತ್ರ ಇದು. ದಾದಿ ಪಂಡಿತಿಕೆ ಏಕಾಂತದಲ್ಲಿ ಕೇಳಿದಾಗ ಅವಳು ತಾನು ಬರೆದ ಪಟವನ್ನು ಕೊಡುತ್ತಾಳೆ. ಆ ಜನ್ಮದ ಬಾಳಿನ ಸಂಗತಿಗಳು ಅದರಲ್ಲಿವೆ. ಕೆಲವನ್ನು ಅವಳು ಬೇಕೆಂದೇ ಗೂಢವಾಗಿಟ್ಟಿದ್ದಾಳೆ. ಪಂಡಿತಿಕೆ ಅದನ್ನೊಯ್ದು ಜಿನಾಲಯದಲ್ಲಿ ಹರಡಿ ಕೂರುತ್ತಾಳೆ. ನೋಡಲು ಎಲ್ಲರೂ ಬರುತ್ತಾರೆ. ರಾಜಪುತ್ರಿಯ ಆಸೆಗೆ ಬಿದ್ದು, ಇದು ತನ್ನ ಕಥೆಯೇ ಎಂದು ಹೇಳುವ ಕಪಟಿಗಳೂ ಬರುತ್ತಾರೆ. ಗೂಢವಾದುದರ ಅರ್ಥವೇನೆಂದು ಕೇಳಿದಾಗ ಅವರು ನಾಚಿ ಹಿಂದೆಗೆಯಬೇಕಾಗುತ್ತದೆ. ಕೊನೆಗೆ ಬಂದ ವಜ್ರಜಂಘ ಪಟವನ್ನು ನೋಡಿದೊಡನೆ ಮೂರ್ಛೆಹೋಗುತ್ತಾನೆ. ಎಚ್ಚತ್ತು ಎಲ್ಲವನ್ನೂ ಬಿಡಿಸಿ ಹೇಳುತ್ತಾನೆ. ತಾನು ಬರೆದ ಪಟವನ್ನು ಉತ್ತರವಾಗಿ ಕಳುಹಿಸುತ್ತಾನೆ.

ಊರ್ವಶಿಯ ಪತ್ರ ಗುಟ್ಟಾಗಿ ಹೊರಟು ಬಯಲಾಯಿತು. ಶ್ರೀಮತಿಯ ಪತ್ರ ಬಯಲಿನಲ್ಲಿ ಹರಡಿದ್ದರೂ ಗುಟ್ಟಾಗಿಯೇ ಉಳಿಯಿತು. ಎರಡನೆಯದರ ರಕ್ಷಣೆ ಲಕೋಟೆಯಲ್ಲಿರಲಿಲ್ಲ; ಇಬ್ಬರಿಗೆ ಮಾತ್ರ ಗೊತ್ತಿದ್ದ ಬಾಳಿನ ವಿವರದಲ್ಲಿತ್ತು. ಪ್ರೇಮಪತ್ರವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ಅಲಂಕಾರಶಾಸ್ತ್ರದಲ್ಲಿಯೂ ಸಿಕ್ಕಲಾರದು. ಅಂತರ್ಜಾಲದಲ್ಲಿ ಸಿದ್ಧವಾಗಿ ಸಿಗುವ ಪ್ರೇಮವಾಕ್ಯಗಳನ್ನು ಚೆಂದದ ಹಾಳೆಗೆ ನಕಲು ಮಾಡಿ ಕಳುಹಿಸುವವನು ಕೈಯಿಂದಲೇ ಬರೆದಿರುತ್ತಾನೆ, ನಿಜ. ಆದರೆ ಆ ಪತ್ರವನ್ನು ಜಿನಾಲಯದ ಕಪಟಿಗಳಲ್ಲಿ ಯಾರು ಬೇಕಾದರೂ ತಮ್ಮದೆನ್ನಬಹುದು.

ಕಾವ್ಯದಿಂದ ನಿತ್ಯದ ಬದುಕಿಗೆ ಬಂದರೆ ಚಿತ್ರ ತುಸು ಬದಲಾಗುತ್ತದೆ. ಹದಮಾಡಿದ ತಾಳೆಯ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಮಸಿ ಸವರಿ ಒರೆಸಿದಾಗ ಅಕ್ಷರ ಕಾಣುತ್ತಿತ್ತು. ಕೊರೆದುದನ್ನು ಅಳಿಸುವಂತಿಲ್ಲ, ಕೊರೆಯಲು ಅಭ್ಯಾಸ ಬೇಕು. ಆದ್ದರಿಂದ ಬಹುಜನರ ಓಲೆಗಳನ್ನು ಬರೆದವರು ಬೇರೆಯವರು. ಕಾಗದ ಬಂದಮೇಲೂ, ಅಂಚೆ ಬಂದಮೇಲೂ ಇದು ಬದಲಾಗಲಿಲ್ಲ. ಮುಂಬಯಿಯ ದೊಡ್ಡ ಅಂಚೆಕಚೇರಿಯ ಬಳಿ ದುಡಿಯಲು ಬಂದವರ ಪರವಾಗಿ ಊರಿಗೆ ಕಾಗದ ಬರೆದುಕೊಡುವವರು ಬಹುಕಾಲ ಕೂರುತ್ತಿದ್ದರು. ಗಂಡ ಹೇಳಿದುದನ್ನು ಅಲ್ಲಿ ಒಬ್ಬ ಬರೆದರೆ, ಊರಿನಲ್ಲಿ ಶಾಲೆಯ ಹುಡುಗನೋ ಅಂಚೆಯವನೋ ಓದಿ ಹೆಂಡತಿಗೆ ಹೇಳಬೇಕು. ಇಬ್ಬರು ಪರಪುರುಷರ ನಡುವೆ ಹಾದುಬರುವ ಪ್ರೀತಿಗೆ ಎಷ್ಟು ಮಾತು ಸಾಧ್ಯ? ಅಂಥ ಕಾಗದಗಳಲ್ಲಿ ಮಳೆಬೆಳೆ, ದನಕರು, ಕಳುಹಿಸಿದ ಹಣ, ಅಮ್ಮನ ಮಂಡಿನೋವು ಇವೇ ತುಂಬಿರುತ್ತಿದ್ದವು. ಅವುಗಳಲ್ಲಿ ಪ್ರೇಮವಿರಲಿಲ್ಲವೆಂದು ಹೇಳುವ ಸಂಶೋಧಕ ಅವಸರಪಟ್ಟಂತೆ. ಎಮ್ಮೆಯ ಸುದ್ದಿಯನ್ನು ಎರಡು ಸಲ ಕೇಳಿದುದರಲ್ಲಿ ಕೇಳಿದವನ ಮನಸ್ಸು ಯಾರ ಕಡೆಗಿತ್ತೆಂಬುದು ಓದಿಸಿಕೊಂಡವಳಿಗೆ ತಿಳಿಯುತ್ತಿತ್ತು. ‘ಹಿಂದೆ ಎಲ್ಲರೂ ಕೈಯಾರೆ ಪ್ರೇಮಪತ್ರ ಬರೆಯುತ್ತಿದ್ದರು’ ಎಂಬ ಸುಲಭವಾದ ಮಾತನ್ನು ಮಾತ್ರ ಈ ಕಾಗದಗಳು ಒಪ್ಪುವುದಿಲ್ಲ.

1879ರಲ್ಲಿ ಕಾಲಾಣೆಯ ಪೋಸ್ಟ್‌ಕಾರ್ಡು ಬಂತು. ಅಗ್ಗ, ಆದರೆ ದಾರಿಯುದ್ದಕ್ಕೂ ತೆರೆದ ಬಾಗಿಲು; ಮನೆಗೆ ತಲುಪುವ ಹೊತ್ತಿಗೆ ಜಗುಲಿಯ ಮೇಲಿದ್ದವರೆಲ್ಲ ಓದಿ ಮುಗಿಸಿರುತ್ತಿದ್ದರು. ಸ್ವಾತಂತ್ರ್ಯಾನಂತರ ಬಂದ ಇನ್‌ಲ್ಯಾಂಡ್ ಲೆಟರು ಬಡ ಮತ್ತು ಮಧ್ಯಮ ವರ್ಗದ ದಂಪತಿಗಳಿಗೆ ಕೊಟ್ಟ ಏಕಾಂತವನ್ನು ಸಾಹಿತ್ಯಚರಿತ್ರೆ ಇನ್ನೂ ಗಣಿಸಿಲ್ಲ. ನೀಲಿಯ ಒಂದೇ ಹಾಳೆ ತಾನೇ ಮಡಚಿ ತಾನೇ ಲಕೋಟೆಯಾಗುತ್ತಿತ್ತು. ಒಳಗೆ ಬೇರೇನನ್ನೂ ಇಡುವಂತಿರಲಿಲ್ಲ, ಜಾಗವೂ ಅಳತೆಯದು. ಕೊನೆಯಲ್ಲಿ ನೆನಪಾದುದನ್ನು ಅಂಚಿನಲ್ಲಿ ಅಡ್ಡಡ್ಡವಾಗಿ, ಅಂಟಿಸುವ ಮಡಿಕೆಯ ಮೇಲೆ ಕಿರಿದಾಗಿ ಬರೆಯಬೇಕಾಗುತ್ತಿತ್ತು. ಒಡೆಯುವಾಗ ಅವಸರಪಟ್ಟರೆ ಆ ಸಾಲೇ ಹರಿದುಹೋಗುತ್ತಿತ್ತು. ಅಂಥ ಹಾಳೆಗಳನ್ನು ಸಂಗ್ರಹದಲ್ಲಿ ಕಂಡವರು ಮುಖ್ಯ ಭಾಗಕ್ಕಿಂತ ಮೊದಲು ಈ ಅಂಚುಗಳನ್ನು ಓದುವುದು ಒಳ್ಳೆಯದು. ಮಾವನವರ ಆರೋಗ್ಯ ನಡುವೆ ಇರುತ್ತದೆ, ಹೇಳಬೇಕಾದುದು ಅಂಚಿನಲ್ಲಿರುತ್ತದೆ.

ಹೀಗೆ ನೋಡಿದಾಗ ದೂರವಾಣಿಯೂ ಮೊಬೈಲೂ ಕೊಂದದ್ದು ದೂರದ ಪತ್ರವನ್ನು, ಅಂದರೆ ಸುದ್ದಿಯ ಪತ್ರವನ್ನು. ಅದು ಹೋದುದಕ್ಕೆ ಮರುಗಬೇಕಾಗಿಲ್ಲ. ಮಹಾಶ್ವೇತೆಗೆ ಪುಂಡರೀಕನ ಬರಹ ಸಿಕ್ಕಿತು, ಮನಸ್ಸೂ ಒಲಿಯಿತು. ಆದರೂ ಅವಳು ಬಂದು ಸೇರುವಷ್ಟರಲ್ಲಿ ಬೆಳುದಿಂಗಳಲ್ಲಿ ಅವನ ಪ್ರಾಣ ಹೋಗಿತ್ತು. ಕೂಡಲೇ ಉತ್ತರ ಬೇಕಾದ ಮಾತಿಗೆ ಪತ್ರ ತಕ್ಕ ವಾಹನವಲ್ಲ. ಕಾಯಿಲೆ, ಭಯ, ಹೊರಡಬೇಕೋ ಬೇಡವೋ ಎಂಬ ನಿರ್ಧಾರ ಇವುಗಳಲ್ಲಿ ಹಳೆಯ ಶೈಲಿಯ ಮೋಹಕ್ಕೆ ಲೇಖನಿ ಹಿಡಿಯುವುದು ಅವಿವೇಕ.

ಉಳಿಯುವುದು ಎದುರಿಗಿದ್ದೂ ಹೇಳಲಾಗದುದರ ಪತ್ರ. ಇದಕ್ಕೆ ಇಂದಿಗೂ ಕೆಲಸವಿದೆ. ಒಂದೇ ಮನೆಯಲ್ಲಿ ಇಪ್ಪತ್ತು ವರ್ಷ ಬಾಳಿದವರ ನಡುವೆ ಬಹುಶಃ ಹೆಚ್ಚಿನ ಕೆಲಸವಿದೆ. ಜಗಳದ ಮರುದಿನ ಕ್ಷಮೆ ಕೇಳಬೇಕಾದವನು ಬಾಯಿ ತೆರೆದರೆ ಎರಡನೆಯ ವಾಕ್ಯಕ್ಕೆ ಉತ್ತರ ಬರುತ್ತದೆ, ಮೂರನೆಯದಕ್ಕೆ ಹಳೆಯ ಜಗಳ ಮರಳುತ್ತದೆ. ಮೊಬೈಲಿನಲ್ಲಿ ಬರೆದರೆ ಓದಿದ ಗುರುತು ಮೂಡಿದ ಕ್ಷಣದಿಂದ ಉತ್ತರದ ಕಾಯುವಿಕೆ ಶುರುವಾಗಿ, ಓದಿದವಳ ಮೌನವೂ ಒಂದು ಉತ್ತರವಾಗಿಬಿಡುತ್ತದೆ. ಮೇಜಿನ ಮೇಲಿಟ್ಟ ಹಾಳೆ ಹೀಗೆ ಒತ್ತಾಯಿಸುವುದಿಲ್ಲ. ಅದನ್ನು ಸಂಜೆ ಓದಬಹುದು, ಅರ್ಧಕ್ಕೆ ನಿಲ್ಲಿಸಬಹುದು. ಕಾಟು ಹಾಕಿ ಮತ್ತೆ ಬರೆದ ಪದವೂ ಅಲ್ಲಿ ಕಾಣುತ್ತದೆ. ‘ತಪ್ಪಾಯಿತು’ ಎಂದು ಬರೆಯುವ ಮೊದಲು ಬೇರೇನನ್ನೋ ಬರೆದು ಹೊಡೆದುಹಾಕಿದ್ದಾನೆಂಬ ಸಂಗತಿ, ಬರೆದ ಪದದಷ್ಟೇ ಮಾತಾಡುತ್ತದೆ. ಮೊಬೈಲಿನ ಬರಹ ಈ ತಿದ್ದುಪಡಿಗಳನ್ನೆಲ್ಲ ನುಂಗಿ, ಮೊದಲಿಂದಲೂ ಹೀಗೆಯೇ ಇತ್ತೆಂಬಂತೆ ಬರುತ್ತದೆ. ಆದ್ದರಿಂದ ಅಂಥ ಪತ್ರವನ್ನು ಚೊಕ್ಕ ಪ್ರತಿ ಮಾಡಬಾರದು. ಮೊದಲ ಪ್ರತಿಯನ್ನೇ ಕೊಡಬೇಕು.

ಪರಿಚಯವೇ ಇಲ್ಲದವರಿಗೆ, ಒಲವಿನ ಸುಳಿವೇ ತೋರದವರಿಗೆ ಬರೆಯುವುದು ಬೇರೆ ಮಾತು. ಅದನ್ನು ಸಾಹಿತ್ಯದ ಹೆಸರಿನಲ್ಲಿ ಪ್ರೋತ್ಸಾಹಿಸಬಾರದು. ಮೊಬೈಲಿನ ಬೇಡದ ಮಾತನ್ನು ಅಳಿಸಬಹುದು. ಪುಸ್ತಕದೊಳಗೆ ತುರುಕಿದ ಹಾಳೆ ಒಬ್ಬ ಹುಡುಗಿಯ ಚೀಲದಲ್ಲಿ ಮನೆಯವರಿಗೆ ಸಿಕ್ಕರೆ ಅವಳ ಓದೇ ನಿಂತೀತು. ಬರೆದವನ ಕೈ ಅಲ್ಲಿ ಅವಳ ಮೇಲೆ ಸಾಕ್ಷಿ ಹೇಳುತ್ತದೆ. ಇಬ್ಬರಲ್ಲಿ ಸಮ್ಮತಿ ಇದ್ದರೂ ಮೂರನೆಯವರಿಗೆ ನೋವಾಗುವ ಕಡೆ ಔಶೀನರಿಯ ಅಂದುಗೆಯನ್ನು ನೆನೆಯಬೇಕು. ಅಂದು ಗಾಳಿ ಒಂದು ಎಲೆಯನ್ನು ಒಬ್ಬಳ ಕಾಲಿಗೆ ತಂದು ಹಾಕಿತು. ಇಂದು ಪತ್ರದ ಚಿತ್ರ ತೆಗೆದು ನೂರು ಜನರಿಗೆ ಹಂಚಲು ಎರಡು ನಿಮಿಷ ಸಾಕು.

ಕನ್ನಡದ ವಿದ್ಯಾರ್ಥಿಗಳ ಮುಂದೆ ಇನ್ನೊಂದು ಪ್ರಶ್ನೆಯೂ ಇದೆ. ಮನೆಯಲ್ಲಿ ಕನ್ನಡವಾಡುವ ಎಷ್ಟೋ ಯುವಕ ಯುವತಿಯರು ಪ್ರಿಯರೊಡನೆ ಮೊಬೈಲಿನಲ್ಲಿ ಮಾತಾಡುವುದು ರೋಮನ್ ಅಕ್ಷರದಲ್ಲಿ. ಒತ್ತಕ್ಷರವಿಲ್ಲ, ಳಕಾರಕ್ಕೂ ಲಕಾರಕ್ಕೂ ಭೇದವಿಲ್ಲ, ಆದರೂ ಅರ್ಥವಾಗುತ್ತದೆ. ಅವರು ಕನ್ನಡ ಲಿಪಿಯನ್ನು ಕೈಯಿಂದ ಬರೆಯುವುದು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರ. ಅದನ್ನು ಓದುವವರು ಅವರ ಹೆಸರನ್ನೂ ಅರಿಯದ ಮೌಲ್ಯಮಾಪಕರು. ಇಂಥ ಕೈಯಿಂದ ಒಮ್ಮೆಲೇ ಪ್ರೇಮಪತ್ರ ಬರೆಯಿಸಿದರೆ ಅದು ಉತ್ತರಪತ್ರಿಕೆಯ ಕನ್ನಡದಲ್ಲಿಯೇ ಬರುತ್ತದೆ: ಪೀಠಿಕೆ, ವಿಷಯ, ಉಪಸಂಹಾರ. ಪುಸ್ತಕದ ಕನ್ನಡವನ್ನು ಬಿಟ್ಟು ಮಂಡ್ಯದವರು ಮಂಡ್ಯದ ಮಾತಿನಲ್ಲಿ, ಧಾರವಾಡದವರು ಧಾರವಾಡದ ಮಾತಿನಲ್ಲಿ ಬರೆದರೆ ಅದು ಊರ್ವಶಿಯ ಪ್ರಾಕೃತಕ್ಕೆ ಸಮೀಪವಾದ ಕೆಲಸ. ಇನ್ನು ಓದುವವರಿಗೆ ಕನ್ನಡ ಲಿಪಿಯೇ ಬಾರದಿದ್ದರೆ, ಹೊರನಾಡಿನಲ್ಲಿ ಬೆಳೆದವರಲ್ಲಿ ಅದು ಸಾಮಾನ್ಯ, ಅವರಿಗೆ ಓದಲಾಗದ ಅಕ್ಷರವನ್ನು ಕಾಣಿಕೆಯೆಂದು ಕೊಡುವುದರಲ್ಲಿ ಅರ್ಥವಿಲ್ಲ. ಮತ್ತೊಬ್ಬರಿಂದ ಓದಿಸಿಕೊಳ್ಳಬೇಕಾದ ಹಳೆಯ ಪಾಡಿಗೆ ಅವರನ್ನು ತಳ್ಳಿದಂತಾಗುತ್ತದೆ.

ಬರೆದ ಪತ್ರ ಉಳಿಯಬೇಕೆಂದಿದ್ದರೆ ಪುರೂರವನ ಚಿಂತೆಯೇ ಮೊದಲ ಪಾಠ. ನೀರಿಗೆ ಕದಡುವ ಶಾಯಿ ಬೆವರಿಗೂ ಕದಡುತ್ತದೆ. ಅದಕ್ಕೆ ಹೋಲಿಸಿದರೆ ಸಾಮಾನ್ಯ ಬಾಲ್‌ಪೆನ್ನಿನ ಬರಹ ತೇವವನ್ನು ಹೆಚ್ಚು ತಾಳುತ್ತದೆ. ಸುದ್ದಿಪತ್ರಿಕೆಯಂಥ ಅಗ್ಗದ ಕಾಗದ ಬೇಗ ಹಳದಿಯಾಗಿ ಮಡಿಕೆಗಳಲ್ಲಿ ಮುರಿಯುತ್ತದೆ. ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸುವವರಿದ್ದಾರೆ. ಕಾಪಿಡುವ ದೃಷ್ಟಿಯಿಂದ ಅದು ತಪ್ಪು, ಏಕೆಂದರೆ ಆಮೇಲೆ ಕಾಗದವನ್ನು ಪ್ಲಾಸ್ಟಿಕ್ಕಿನಿಂದ ಹಾಳಾಗದಂತೆ ಬಿಡಿಸುವುದು ಬಲು ಕಷ್ಟ. ಬಿಸಿಲು ತಾಗದಂತೆ, ಪಿನ್ನು ಚುಚ್ಚದೆ, ಒಣಗಿದ ಕಡೆ ಇಟ್ಟರೆ ಸಾಕು.

ಬರೆದವರೂ ಪಡೆದವರೂ ಹೋದಮೇಲೆ ಆ ಕಟ್ಟು ಸಂಶೋಧಕರ ಕೈಗೆ ಬರಬಹುದು. ಅಲ್ಲಿ ಕಾನೂನು ಒಂದು ಸೂಕ್ಷ್ಮ ಭೇದ ಮಾಡುತ್ತದೆ: ಹಾಳೆ ಪಡೆದವರ ಸ್ವತ್ತು, ಬರಹದ ಹಕ್ಕುಸ್ವಾಮ್ಯ ಬರೆದವರದು. ಆದ್ದರಿಂದ ಲೇಖಕರೊಬ್ಬರ ಪತ್ನಿಯ ಪೆಟ್ಟಿಗೆಯಲ್ಲಿ ಸಿಕ್ಕ ಕಾಗದಗಳನ್ನು ಮನೆಯವರು ಒಪ್ಪಿ ಕೊಟ್ಟ ಮಾತ್ರಕ್ಕೆ ಅಚ್ಚಿಸುವ ಹಕ್ಕು ಬಂದಂತಾಗುವುದಿಲ್ಲ. ಹಕ್ಕು ಈಗ ಯಾರಲ್ಲಿದೆಯೆಂದು ವಿಚಾರಿಸಬೇಕು. ಹೆಂಡತಿ ಬರೆದ ಉತ್ತರಗಳು ಅದೇ ಕಟ್ಟಿನಲ್ಲಿದ್ದರೆ ಅವುಗಳ ಹಕ್ಕನ್ನು ಬೇರೆಯಾಗಿಯೇ ವಿಚಾರಿಸಬೇಕು. ಸಂಪಾದಕರು ಸಾಮಾನ್ಯವಾಗಿ ಮರೆಯುವುದು ಈ ಎರಡನೆಯದನ್ನು.